ಯಾವ ವರ್ಷದಿಂದ, ಯಾರಿಗೆ?

2024ರ ಜೂನ್ ತಿಂಗಳ ಒಂದು ಶನಿವಾರ. ವಾರವಿಡೀ ಟೀ ಶರ್ಟಿನಲ್ಲೇ ಕಾಲ ಹಾಕುವ ನಾನು ಅವತ್ತು ಇಸ್ತ್ರಿ ಮಾಡಿದ ಶರ್ಟು ಹಾಕ್ಕೊಂಡು, ಮೈಸೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ಸೈನ್ಸ್ ವಿಭಾಗದ ಮೆಟ್ಟಿಲು ಹತ್ತುತ್ತಿದ್ದೆ. ಅಲ್ಲಿ ಬೋರ್ಡ್ ಆಫ್ ಸ್ಟಡೀಸ್ ಸಭೆ. ಕನ್ನಡದಲ್ಲಿ ಅಧ್ಯಯನ ಮಂಡಳಿ. ನಾನು ಅದರ ಸದಸ್ಯ.

ಇದನ್ನ ಕೇಳಿ ಅಮ್ಮ, 'ಮೇಷ್ಟ್ರಾದ್ಯಾ?' ಅಂತ ಖುಷಿಪಟ್ಟಿದ್ದಳು. ಹಾಗೇನಿಲ್ಲ. ಸ್ವಾಯತ್ತ ಕಾಲೇಜು ಅಂದ್ರೆ ತನ್ನ ಪಠ್ಯಕ್ರಮವನ್ನ ತಾನೇ ಬರೆದುಕೊಳ್ಳುವ ಕಾಲೇಜು. ಹಾಗಂತ ತನಗೆ ತೋಚಿದ್ದನ್ನ ಬರೆಯೋಹಾಗಿಲ್ಲ. ವಿಭಾಗದ ಮುಖ್ಯಸ್ಥರು ಅಧ್ಯಕ್ಷರು, ವಿಭಾಗದ ಮೇಷ್ಟ್ರುಗಳು, ಹೊರಗಿನ ಇಬ್ಬರು ವಿಷಯ ತಜ್ಞರು, ಕುಲಪತಿಗಳು ನೇಮಿಸಿದ ಒಬ್ಬರು, ಒಬ್ಬ ಹಳೇ ವಿದ್ಯಾರ್ಥಿ, ಜೊತೆಗೆ ಇಂಡಸ್ಟ್ರಿಯಿಂದ ಒಬ್ಬರು ಕೂತು ಚರ್ಚಿಸಬೇಕು ಅಂತ ಯುಜಿಸಿ ನಿಯಮ ಇದೆ. ಆ ಕೊನೇ ಕುರ್ಚಿ ನನ್ನದು. ಇಷ್ಟೆಲ್ಲ ಜನ ಕೂತು ಒಪ್ಪಿದ್ದೂ ಬರೀ ಶಿಫಾರಸು. ಮೇಲೆ ಅಕಾಡೆಮಿಕ್ ಕೌನ್ಸಿಲ್ ಇದೆ. ಅದು ಒಪ್ಪಬಹುದು, ಒಪ್ಪದಿದ್ದರೆ ಕಾರಣ ಕೊಟ್ಟು ವಾಪಸ್ ಕಳಿಸಬಹುದು. ಕೌನ್ಸಿಲ್‌ನವರು ನಮ್ಮಲ್ಲಿ ಹೆಚ್ಚಿನವರ ಮುಖ ನೋಡೋದಿಲ್ಲ, ಮಾತು ಕೇಳೋದಿಲ್ಲ. ಅವರ ಮುಂದೆ ಹೋಗೋದು ನಡಾವಳಿ.

ಆ ನಡಾವಳಿಯ ಕರಡು ಸಭೆಗೆ ಮುಂಚೆಯೇ ತಯಾರಾಗಿ ಮೇಜಿನ ಮೇಲಿತ್ತು. ಇದು ಎಲ್ಲ ಕಡೆ ನಡೆಯೋದೇ, ತಪ್ಪೇನಲ್ಲ. ಒಂದು ಕೋಷ್ಟಕ. ಯಾವ ಕೋರ್ಸು, ಹಳೇದರಲ್ಲಿ ಏನಿತ್ತು, ಹೊಸದರಲ್ಲಿ ಏನಿದೆ, ಬದಲಾವಣೆಗೆ ಕಾರಣ, ಶೇಕಡಾ ಎಷ್ಟು ಬದಲಾವಣೆ. ಪುಟದ ಕೊನೆಗೆ ಒಂದೇ ಒಂದು ಸಾಲು: 'ಮೇಲ್ಕಂಡ ಬದಲಾವಣೆಗಳನ್ನು 2024-25ನೇ ಶೈಕ್ಷಣಿಕ ವರ್ಷದಿಂದ ಜಾರಿಗೊಳಿಸಲು ನಿರ್ಣಯಿಸಲಾಯಿತು.'

ಕೋಷ್ಟಕದ ಮೂರನೇ ಸಾಲು ಓದುವಾಗ ನನ್ನ ಬೆರಳು ಅಲ್ಲೇ ನಿಂತಿತು. ಡೇಟಾಬೇಸ್ ಮ್ಯಾನೇಜ್ಮೆಂಟ್, ನಾವೆಲ್ಲ ಡಿಬಿಎಂಎಸ್ ಅನ್ನೋ ವಿಷಯ, ಐದನೇ ಸೆಮಿಸ್ಟರಿನಿಂದ ನಾಲ್ಕಕ್ಕೆ. ಅದಕ್ಕೆ ಬದಲಾಗಿ ಮೈಕ್ರೊಕಂಟ್ರೋಲರ್ ನಾಲ್ಕರಿಂದ ಐದಕ್ಕೆ.

ಈ ಅದಲು ಬದಲನ್ನ ನಾನು ಮೊದಲೂ ನೋಡಿದ್ದೆ. ಬೇರೊಂದು ಕಾಲೇಜಿನಲ್ಲಿ, ನನ್ನ ಚಿಕ್ಕಪ್ಪನ ಮಗನ ಮಾರ್ಕ್ಸ್ ಕಾರ್ಡಿನಲ್ಲಿ.

ನಮ್ಮೂರು ಹುಣಸೂರು ಕಡೆ. ಹೊಗೆಸೊಪ್ಪಿನ ಸೀಮೆ. ಆಗಸ್ಟ್ ಸೆಪ್ಟೆಂಬರ್ ಬಂತು ಅಂದ್ರೆ ಬ್ಯಾರನ್ನಿನಲ್ಲಿ ಸೊಪ್ಪು ಬೇಯಿಸೋ ಕಾಲ. ಒಂದು ಸಲ ಏರಿಸಿದರೆ ಐದಾರು ದಿನ ಹಗಲೂ ರಾತ್ರಿ ಬೆಂಕಿ ಕಾಯಬೇಕು, ಕಾವು ಹೆಚ್ಚಾದ್ರೂ ಕಷ್ಟ, ಕಮ್ಮಿಯಾದ್ರೂ ಕಷ್ಟ. ತಮ್ಮ ಐದನೇ ಸೆಮಿಸ್ಟರಿನಲ್ಲಿದ್ದಾಗ ಚಿಕ್ಕಪ್ಪ ಸೊಪ್ಪಿನ ಕಡ್ಡಿ ಏರಿಸುವಾಗ ಜಾರಿ ಬಿದ್ದು ಕಾಲು ಮುರಿದುಕೊಂಡರು. ಆರು ವಾರ ಇವನೇ ಬೆಂಕಿ ಕಾದ. ಸೊಪ್ಪು ಉಳೀತು, ಹಾಜರಾತಿ ಉಳೀಲಿಲ್ಲ. ಶೇಕಡಾ 85 ಇಲ್ಲ ಅಂತ ಪರೀಕ್ಷೆಗೆ ಕೂರಿಸಲಿಲ್ಲ. ವರ್ಷ ಹೋಯ್ತು. ಇಲ್ಲಿವರೆಗೆ ಯಾರದ್ದೂ ತಪ್ಪಿಲ್ಲ, ನಿಯಮ ನಿಯಮವೇ.

ಮರುವರ್ಷ ಐದನೇ ಸೆಮಿಸ್ಟರಿಗೆ ವಾಪಸ್ ಹೋದ. ಈ ಸಲ ಜೂನಿಯರ್‌ಗಳ ಜೊತೆ. ಆ ಜೂನಿಯರ್‌ಗಳದ್ದು ಹೊಸ ಪಠ್ಯಕ್ರಮ. ಅವರು ಡಿಬಿಎಂಎಸ್ ನಾಲ್ಕರಲ್ಲೇ ಮುಗಿಸಿ ಬಂದಿದ್ದರು, ಐದರಲ್ಲಿ ಅವರಿಗೆ ಮೈಕ್ರೊಕಂಟ್ರೋಲರ್ ಇತ್ತು. ನಮ್ಮ ಹುಡುಗ ಹಳೇ ಪಠ್ಯಕ್ರಮದ ನಾಲ್ಕರಲ್ಲಿ ಮೈಕ್ರೊಕಂಟ್ರೋಲರ್ ಪಾಸು ಮಾಡಿದ್ದ. ಹೀಗಾಗಿ ಅವನು ಮೈಕ್ರೊಕಂಟ್ರೋಲರ್ ಎರಡು ಸಲ ಓದಿದ, ಡಿಬಿಎಂಎಸ್ ಒಂದು ಸಲಾನೂ ಓದಲಿಲ್ಲ. ಟೈಮ್‌ಟೇಬಲ್‌ನಲ್ಲಿ ಏನಿತ್ತೋ ಅದಕ್ಕೆ ಹೋಗಿ ಕೂತ. ಕೇಳಬೇಕಿತ್ತು ನಿಜ. ಆದರೆ ವರ್ಷ ಕಳಕೊಂಡು ಬಂದ ಹಳ್ಳಿ ಹುಡುಗ ಆಫೀಸಿನ ಕಿಟಕಿ ಮುಂದೆ ನಿಂತು 'ಸಾರ್, ಇದು ನಾನು ಓದಿದ್ದೀನಿ' ಅಂತ ವಾದ ಮಾಡ್ತಾನಾ? ಏನೋ ಹೊಸ ರೂಲ್ಸು ಇರಬೇಕು ಅಂದ್ಕೊಂಡ.

ನನ್ನನ್ನ ಈಗಲೂ ಕಾಡೋದು ಮುಂದಿನ ಭಾಗ. ಎರಡೂ ವಿಷಯಕ್ಕೆ ಸಮ ಕ್ರೆಡಿಟ್. ಹಳೇ ಮೈಕ್ರೊಕಂಟ್ರೋಲರಿಗೆ ಒಂದು ಕೋಡು, ಹೊಸದಕ್ಕೆ ಇನ್ನೊಂದು ಕೋಡು. ಹಾಗಾಗಿ ಕಾಲೇಜಿನ ಸಾಫ್ಟ್‌ವೇರ್ ಕಣ್ಣಿಗೆ ಅವು ಎರಡು ಬೇರೆ ಬೇರೆ ಕೋರ್ಸು. ಆರು, ಏಳು, ಎಂಟು ಸೆಮಿಸ್ಟರ್ ಕ್ರೆಡಿಟ್ ಕೂಡುತ್ತಾ ಹೋಯ್ತು, ಮೊತ್ತ ಎಲ್ಲೂ ತಪ್ಪಲಿಲ್ಲ. ಪದವಿಗೆ ಕಳಿಸುವ ಮುಂಚೆ ಯಾರೋ ಒಬ್ಬರು ಕೂತು ಕಡ್ಡಾಯ ಕೋರ್ಸುಗಳನ್ನ ಒಂದೊಂದಾಗಿ ಟಿಕ್ ಹಾಕಿದಾಗ ಸಿಕ್ಕಿಬಿತ್ತು: ಡಿಬಿಎಂಎಸ್ ಇಲ್ಲ. ಮುಂದಿನ ನಾಲ್ಕನೇ ಸೆಮಿಸ್ಟರ್ ಶುರುವಾಗೋವರೆಗೂ ಕಾದು, ತನಗಿಂತ ಮೂರ್ನಾಲ್ಕು ವರ್ಷ ಚಿಕ್ಕವರ ಜೊತೆ ಕೂತು ಬರೆದ. ಅಷ್ಟೊತ್ತಿಗೆ ಕೈಯಲ್ಲಿದ್ದ ಆಫರ್ ಲೆಟರ್ ಬರೀ ಕಾಗದ.

ಆಗ ನಾನು ಅವನ ಜೊತೆ ಓಡಾಡಿದ್ದೆ. ಯಾವ ಆಧಾರದ ಮೇಲೆ ಹೀಗಾಯ್ತು ಅಂತ ಕೇಳಿದ್ದಕ್ಕೆ ಒಂದು ಫೈಲು ತಂದು ತೋರಿಸಿದ್ದರು. ಅದರಲ್ಲಿದ್ದದ್ದು ಇದೇ ಸಾಲು, ವರ್ಷವೊಂದು ಬೇರೆ. ಇಂಥ ಶೈಕ್ಷಣಿಕ ವರ್ಷದಿಂದ ಜಾರಿ. ಯಾರಿಗೆ ಅಂತ ಇಲ್ಲ.

ಸರಿ, ಸಭೆಗೆ ವಾಪಸ್ ಬರೋಣ.

ಮೊದಲು ಕಾರಣದ ಕಾಲಂ ಬಗ್ಗೆ ಮಾತಾಯ್ತು. ಡಿಬಿಎಂಎಸ್‌ನಲ್ಲಿ ಜಾಗ ಬದಲಾವಣೆ ಮಾತ್ರ ಅಲ್ಲ, ಒಳಗಿನ ವಿಷಯವೂ ಸ್ವಲ್ಪ ಬದಲಾಗಿತ್ತು. ಹಿಂದಿನ ಸಭೆಯಲ್ಲಿ ನಾನೇ ನೋಎಸ್‌ಕ್ಯೂಎಲ್ ಸೇರಿಸಿ ಅಂದಿದ್ದೆ. ಆಗ ಮುಖ್ಯಸ್ಥೆ ಮೇಡಂ ನಗುತ್ತಾ, 'ಸೇರಿಸೋಣ, ಏನನ್ನ ತೆಗೀಲಿ ಹೇಳಿ' ಅಂದಿದ್ದರು. ಕೋರ್ಸಿಗೆ ಸಿಗೋದು ಐದು ಮಾಡ್ಯೂಲು, ತಲಾ ಎಂಟು ಗಂಟೆ, ಒಟ್ಟು 40 ಗಂಟೆ. ಇಂಡಸ್ಟ್ರಿಯಿಂದ ಬರೋ ನಮ್ಮಂಥವರಿಗೆ ಸೇರಿಸೋದು ಗೊತ್ತು, ತೆಗೆಯೋದು ಗೊತ್ತಿಲ್ಲ. ಕೊನೆಗೆ ಸಿ ಪ್ರೋಗ್ರಾಮಿನ ಒಳಗೆ ಎಸ್‌ಕ್ಯೂಎಲ್ ಸಾಲು ಹುದುಗಿಸಿ ಬರೆಯೋ ಭಾಗಕ್ಕಿದ್ದ ನಾಲ್ಕು ಗಂಟೆ ತೆಗೆದು ಅಲ್ಲಿ ನೋಎಸ್‌ಕ್ಯೂಎಲ್ ಕೂರಿಸಿದ್ದರು. ನಲವತ್ತರಲ್ಲಿ ನಾಲ್ಕು, ಅಂದ್ರೆ ಶೇಕಡಾ 10 ಬದಲಾವಣೆ. ಕಾರಣದ ಕಾಲಂನಲ್ಲಿ 'ಇಂಡಸ್ಟ್ರಿ ಬೇಡಿಕೆಯಂತೆ' ಅಂತ ಬರೆದಿತ್ತು.

ಬೆಂಗಳೂರಿನಿಂದ ಬಂದಿದ್ದ ಹಿರಿಯ ಪ್ರೊಫೆಸರ್ ಕನ್ನಡಕ ಮೇಲೇರಿಸಿ ನನ್ನ ಕಡೆ ನೋಡಿದರು. 'ಇಂಡಸ್ಟ್ರಿ ಅಂದ್ರೆ ಇವರೊಬ್ಬರೇ ತಾನೇ?'

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದ್ರೆ ಅವರು ತಮಾಷೆ ಮಾಡಿ ಸುಮ್ಮನಾಗಲಿಲ್ಲ. ಕಾರಣ ಅಂದ್ರೆ ಏನನ್ನ ಯಾಕೆ ಸೇರಿಸಿದಿರಿ ಅನ್ನೋದು ಮಾತ್ರ ಅಲ್ಲ, ಏನನ್ನ ಯಾಕೆ ತೆಗೆದಿರಿ ಅಂತಲೂ ಇರಬೇಕು ಅಂದರು. ಐದು ವರ್ಷ ಬಿಟ್ಟು ಈ ಕುರ್ಚಿಗಳಲ್ಲಿ ಬೇರೆ ಜನ ಕೂತಿರ್ತಾರೆ. ಅವರಲ್ಲೊಬ್ಬರು ಬಂದು ಈ ಭಾಗ ಯಾಕಿಲ್ಲ ಅಂತ ಮತ್ತೆ ಸೇರಿಸ್ತಾರೆ. ಆಮೇಲೆ ಇನ್ನೊಬ್ಬರು ತೆಗೀತಾರೆ. ನನಗೆ ತಕ್ಷಣ ನೆನಪಾದದ್ದು ನಮ್ಮ ಆಫೀಸಿನ ಕೋಡು. ನಾವು ದಿನಾ ಇದೇ ಪಾಪ ಮಾಡ್ತೀವಿ. ಬದಲಾವಣೆ ಮಾಡಿ ಪಕ್ಕದಲ್ಲಿ ಹೀಗೆ ಬರೀತೀವಿ:

```
git commit -m "changes as discussed"
```

ಯಾರ ಜೊತೆ ಡಿಸ್ಕಸ್ ಆಯ್ತು, ಏನಾಯ್ತು ಅಂತ ಆರು ತಿಂಗಳು ಬಿಟ್ಟು ಬರೆದವನಿಗೇ ಗೊತ್ತಿರೋದಿಲ್ಲ.

ಹಾಗಾಗಿ ಕಾರಣ ಬದಲಾಯ್ತು. ಸಿ ಒಳಗೆ ಎಸ್‌ಕ್ಯೂಎಲ್ ಬರೆಯುವ ಕ್ರಮವನ್ನು ಪ್ರಯೋಗಾಲಯದಲ್ಲಿ ಬಳಸುತ್ತಿಲ್ಲ, ಆದ್ದರಿಂದ ಅದರ ನಾಲ್ಕು ಗಂಟೆಗಳನ್ನು ಡಾಕ್ಯುಮೆಂಟ್ ಮತ್ತು ಕೀ-ವ್ಯಾಲ್ಯೂ ಡೇಟಾಬೇಸ್‌ಗಳಿಗೆ ಕೊಡಲಾಗಿದೆ. ಟೇಬಲ್ ವಿನ್ಯಾಸದ ಗಂಟೆಗಳನ್ನು ಮುಟ್ಟಿಲ್ಲ. ಸೆಮಿಸ್ಟರ್ ಬದಲಿಸಿದ್ದಕ್ಕೆ ಮೇಡಂ ಹೇಳಿದ ಕಾರಣ ಇನ್ನೂ ಚೆನ್ನಾಗಿತ್ತು. ಹುಡುಗರು ಐದನೇ ಸೆಮಿಸ್ಟರಿನಲ್ಲಿ ಮಿನಿ ಪ್ರಾಜೆಕ್ಟ್ ಮಾಡ್ತಾರೆ. ಡಿಬಿಎಂಎಸ್ ಅದೇ ಸೆಮಿಸ್ಟರಿನಲ್ಲಿದ್ದರೆ ಪ್ರೈಮರಿ ಕೀ ಅಂದ್ರೇನು ಅಂತ ಕ್ಲಾಸಿನಲ್ಲಿ ಕಲಿಯೋ ಹೊತ್ತಿಗೆ ಪ್ರಾಜೆಕ್ಟಿನ ಟೇಬಲ್‌ಗಳು ತಯಾರಾಗಿಬಿಟ್ಟಿರ್ತವೆ. ಅದನ್ನೇ ಬರೆಸಿದೆವು. ನ್ಯಾಕ್‌ನವರು ಪಠ್ಯಕ್ರಮ ಪರಿಷ್ಕರಣೆಗೆ ಸಾಕ್ಷಿ ಕೇಳ್ತಾರೆ, ಆಗ ಮುಂದಿಡೋದು ಇದೇ ನಡಾವಳಿ. ಬಹಳ ಕಡೆ ಕಾರಣದ ಕಾಲಂ ಅವರಿಗೋಸ್ಕರವೇ ತುಂಬಿದ ಹಾಗೆ ಕಾಣುತ್ತೆ, ಓದಿದರೆ ಗೊತ್ತಾಗುತ್ತೆ.

ಟೀ ಬಂತು. ಟೀ ಆದಮೇಲೆ ಅಧ್ಯಕ್ಷರು ಕೊನೇ ಸಾಲನ್ನ ಓದಿ 'ಎಲ್ಲರೂ ಒಪ್ಪಿದ್ದೀರಲ್ಲ' ಅನ್ನೋ ಹಂತಕ್ಕೆ ಬಂದರು. ಇಂಥ ಸಭೆಗಳಲ್ಲಿ ಊಟದ ಹೊತ್ತಿಗೆ ಬರೋ ಸಾಲಿಗೆ ಯಾರೂ ತಕರಾರು ತೆಗೆಯಲ್ಲ. ನಾನು ಕೈ ಎತ್ತಿದೆ.

'ಮೇಡಂ, 2024-25ರಿಂದ ಅಂದ್ರೆ ಆ ವರ್ಷ ಸೇರೋರಿಗಾ, ಆ ವರ್ಷ ಓದ್ತಾ ಇರೋರಿಗಾ?'

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಇಬ್ಬರು ಒಟ್ಟಿಗೆ ಉತ್ತರ ಕೊಟ್ಟರು, ಉತ್ತರಗಳು ಬೇರೆ ಬೇರೆ.

ಇದು ನಮ್ಮ ಒಂದು ಕಾಲೇಜಿನ ಗೊಂದಲ ಅಲ್ಲ. ವಿಟಿಯುದೇ ನೋಡಿ. ಅಲ್ಲೂ 2021ರ ಸ್ಕೀಮಿನಲ್ಲಿ ಡಿಬಿಎಂಎಸ್ ಐದನೇ ಸೆಮಿಸ್ಟರಿನಲ್ಲಿತ್ತು, 2022ರ ಸ್ಕೀಮಿನಲ್ಲಿ ನಾಲ್ಕಕ್ಕೆ ಬಂತು. ಕೋಡು 21CS53 ಇದ್ದದ್ದು BCS403 ಆಯ್ತು. ಮೊದಲನೇದರಲ್ಲಿ 53 ಅಂದ್ರೆ ಐದನೇ ಸೆಮಿಸ್ಟರಿನ ಮೂರನೇ ವಿಷಯ, ಎರಡನೇದರಲ್ಲಿ 4 ಅಂದ್ರೆ ನಾಲ್ಕನೇ ಸೆಮಿಸ್ಟರು. ಸ್ಕೀಮಿನ ಹೆಸರಿನಲ್ಲಿರೋದು ಅದರ ಮೊದಲ ಬ್ಯಾಚಿನವರು ಮೊದಲ ವರ್ಷಕ್ಕೆ ಸೇರಿದ ವರ್ಷ. ಆದರೆ ಅದೇ 2022ರ ಸ್ಕೀಮಿನ ಮೂರನೇ ಸೆಮಿಸ್ಟರಿನ ಹಾಳೆ ತೆಗೆದರೆ 2023-24ರಿಂದ ಜಾರಿ ಅಂತ ಇರುತ್ತೆ, ಯಾಕಂದ್ರೆ ಆ ಹುಡುಗರು ಮೂರನೇ ಸೆಮಿಸ್ಟರ್ ಮುಟ್ಟೋದು ಆ ವರ್ಷ. ಎರಡೂ ಸರಿ. ಎರಡನ್ನೂ ಬರೆದರೆ ಮಾತ್ರ ಸರಿ.

ಮೇಡಂ ಬೋರ್ಡಿನ ಹತ್ತಿರ ಹೋಗಿ ಮಾರ್ಕರ್ ತಗೊಂಡರು. ಬ್ಯಾಚು ಒಂದೊಂದಾಗಿ ಬರೆದರು. 2022ರಲ್ಲಿ ಸೇರಿದವರು ಆಗಷ್ಟೇ ನಾಲ್ಕನೇ ಸೆಮಿಸ್ಟರ್ ಮುಗಿಸಿದ್ದರು, ಮೈಕ್ರೊಕಂಟ್ರೋಲರ್ ಓದಿ ಆಗಿತ್ತು. ಹೊಸ ಪಠ್ಯಕ್ರಮವನ್ನ ಓದ್ತಾ ಇರೋರಿಗೆಲ್ಲ ಹಾಕಿದರೆ ಅವರು ಐದರಲ್ಲಿ ಮತ್ತೆ ಮೈಕ್ರೊಕಂಟ್ರೋಲರ್ ಓದಬೇಕು, ಡಿಬಿಎಂಎಸ್ ಅವರಿಗೆ ಸಿಗೋದೇ ಇಲ್ಲ. 2023ರಲ್ಲಿ ಸೇರಿದವರು ಇನ್ನೂ ನಾಲ್ಕಕ್ಕೆ ಬಂದಿಲ್ಲ, ಅವರಿಗೆ ಧಾರಾಳವಾಗಿ ಹಾಕಬಹುದು. ಹಾಗಾದ್ರೆ 2024ರಲ್ಲಿ ಸೇರೋರವರೆಗೂ ಕಾಯೋ ಅಗತ್ಯವೂ ಇಲ್ಲ. ಗಡಿ ಎಲ್ಲಿದೆ ಅಂತ ಬೋರ್ಡಿನ ಮೇಲೆ ಬರೆದ ಕೂಡಲೇ ಎಲ್ಲರಿಗೂ ಕಂಡಿತು. ಒಂದು ಮೋಜೂ ಕಂಡಿತು. 2024-25ರಲ್ಲಿ ಡಿಬಿಎಂಎಸ್ ಎರಡು ಸಲ ಕಲಿಸಬೇಕು, ಮೊದಲರ್ಧದಲ್ಲಿ ಸೀನಿಯರ್‌ಗಳಿಗೆ ಹಳೇದು, ಎರಡನೇ ಅರ್ಧದಲ್ಲಿ ಜೂನಿಯರ್‌ಗಳಿಗೆ ಹೊಸದು. ಮೈಕ್ರೊಕಂಟ್ರೋಲರ್ ಆ ಇಡೀ ವರ್ಷ ಯಾರಿಗೂ ಇಲ್ಲ. ಅದನ್ನ ಕಲಿಸೋ ಮೇಷ್ಟ್ರ ಮುಖದಲ್ಲಿ ಸಣ್ಣ ನಗು ಬಂತು, ಡಿಬಿಎಂಎಸ್ ಮೇಷ್ಟ್ರ ಮುಖದಲ್ಲಿ ಬರಲಿಲ್ಲ.

ಆಗ ಒಬ್ಬರು, 'ಇಡೀ ಕ್ಲಾಸಿಗೆ ಡಿಬಿಎಂಎಸ್ ತಪ್ಪಿಸೋಷ್ಟು ಪೆದ್ದರೇನಲ್ಲ ಬಿಡಿ ನಾವು' ಅಂದರು. ನಿಜ. 120 ಜನಕ್ಕೆ ತಪ್ಪಿದರೆ ಮೊದಲ ವಾರವೇ ಗಲಾಟೆ ಆಗುತ್ತೆ, ಸರಿಯಾಗುತ್ತೆ. ತಪ್ಪೋದು ಒಬ್ಬನಿಗೆ. ಬ್ಯಾಚಿನ ಗಡಿ ದಾಟಿ ಹಿಂದಕ್ಕೆ ಬರೋನಿಗೆ. ಅವನಿಗೆ ತಪ್ಪಿದ್ದು ಯಾರಿಗೂ ಗೊತ್ತಾಗಲ್ಲ, ಕ್ರೆಡಿಟ್ ಕೂಡೋ ಸಾಫ್ಟ್‌ವೇರಿಗೂ ಗೊತ್ತಾಗಲ್ಲ. ನಾನು ತಮ್ಮನ ಕಥೆ ಹೇಳಿದೆ, ಕಾಲೇಜಿನ ಹೆಸರು ಹೇಳಲಿಲ್ಲ. ಹೊಗೆಸೊಪ್ಪಿನ ವಿಷಯ ಹೇಳೋವಾಗ ಪಿರಿಯಾಪಟ್ಟಣ ಕಡೆಯ ಒಬ್ಬರು ಮೇಷ್ಟ್ರು 'ಹೌದು ಹೌದು' ಅಂತ ತಲೆಯಾಡಿಸಿದರು.

ಆಮೇಲೆ ಒಂದು ಗಂಟೆ ಆ ಒಂದು ಸಾಲಿಗೇ ಹೋಯ್ತು. ಊಟ ತಣ್ಣಗಾಯ್ತು. ಕೊನೆಗೆ ಸಾಲು ಹೋಗಿ ಒಂದು ಪ್ಯಾರಾ ಆಯ್ತು, ಸಾರಾಂಶ ಇಷ್ಟು. 2023-24ರಲ್ಲಿ ಮೊದಲ ವರ್ಷಕ್ಕೆ ಸೇರಿದವರಿಂದ ಹೊಸ ಪಠ್ಯಕ್ರಮ. ಡಿಪ್ಲೊಮಾ ಮುಗಿಸಿ 2024-25ರಲ್ಲಿ ನೇರ ಮೂರನೇ ಸೆಮಿಸ್ಟರಿಗೆ ಸೇರುವವರೂ ಇದೇ ಗುಂಪಿಗೆ, ಯಾಕಂದ್ರೆ ಅವರ ಪ್ರವೇಶದ ವರ್ಷ ಬೇರೆ ಆದರೂ ಅವರು ಕೂರೋದು 2023ರವರ ಜೊತೆ. 2022ರಲ್ಲಿ ಸೇರಿದವರಿಗೆ ಹಳೇದೇ. ಹಳೇ ಕೋಡಿನಲ್ಲಿ ಫೇಲಾದವರಿಗೆ ಹಳೇ ಪಠ್ಯಕ್ರಮದ ಮೇಲೆಯೇ ಪ್ರಶ್ನೆಪತ್ರಿಕೆ ತೆಗೆಯುವುದು. ವಿಷಯದಲ್ಲಿ ಬದಲಾವಣೆ ಶೇಕಡಾ 10 ಮಾತ್ರ ಆದರೂ ಹೊಸ ಕೋಡು ಕೊಡುವುದು, ಯಾವ ಹಳೇ ಕೋಡು ಯಾವ ಹೊಸ ಕೋಡಿಗೆ ಸಮ ಅನ್ನೋ ಪಟ್ಟಿಯನ್ನ ನಡಾವಳಿಗೇ ಲಗತ್ತಿಸುವುದು. ವರ್ಷ ಕಳೆದುಕೊಂಡು ವಾಪಸ್ ಬಂದವರಿಗೆ ರಿಜಿಸ್ಟ್ರೇಷನ್ ದಿನವೇ ಅವರ ಹೆಸರಿಗೆ ಒಂದು ಪಟ್ಟಿ ಮಾಡಿ, ಯಾವುದು ಮುಗಿದಿದೆ, ಯಾವುದು ಬಾಕಿ ಅಂತ ಬರೆದು ಇಬ್ಬರೂ ಸಹಿ ಹಾಕುವುದು.

ಕೊನೇದರ ಬಗ್ಗೆ ತಕರಾರು ಬಂತು. ವಾಪಸ್ ಬಂದವನಿಗೆ ಐದನೇ ಸೆಮಿಸ್ಟರಿನಲ್ಲಿ ಡಿಬಿಎಂಎಸ್ ಎಲ್ಲಿಂದ ತರೋದು? ಅದು ನಾಲ್ಕರಲ್ಲಿ, ಅಂದ್ರೆ ವರ್ಷದ ದ್ವಿತೀಯಾರ್ಧದಲ್ಲಿ ನಡೀತಿರುತ್ತೆ. ಆಗ ಅವನು ಆರರಲ್ಲಿರ್ತಾನೆ, ಎರಡು ಟೈಮ್‌ಟೇಬಲ್ ಡಿಕ್ಕಿ ಹೊಡೀತವೆ. ಕೊನೆಗೆ ಹಿರಿಯ ಪ್ರೊಫೆಸರ್ ದಾರಿ ಹೇಳಿದರು. ಅವನಿಗೆ ಮೈಕ್ರೊಕಂಟ್ರೋಲರ್ ವಿನಾಯಿತಿ ಇದ್ದೇ ಇರುತ್ತೆ, ಆ ಗಂಟೆಗಳು ಖಾಲಿ. ಅದೇ ಗಂಟೆಯಲ್ಲಿ ಒಬ್ಬ ಮೇಷ್ಟ್ರು ಅವನಿಗೆ ಡಿಬಿಎಂಎಸ್ ಹೇಳಿಕೊಡಲಿ. ಒಬ್ಬನಿಗೋಸ್ಕರ ಒಬ್ಬ ಮೇಷ್ಟ್ರಾ ಅಂತ ಗೊಣಗಿದ್ದು ಕೇಳಿಸಿತು. ಮೇಡಂ ಅದನ್ನೂ ಬರೆಸಿದರು.

ಅದೇ ಬೇಸಿಗೆಯಲ್ಲಿ ಇದಕ್ಕಿಂತ ದೊಡ್ಡ ಗಡಿಬಿಡಿ ಪದವಿ ಕಾಲೇಜುಗಳಲ್ಲಿ ನಡೆದಿತ್ತು. 2021-22ರಲ್ಲಿ ರಾಜ್ಯಕ್ಕೆ ಬಂದ ನಾಲ್ಕು ವರ್ಷದ ಪದವಿ ಪದ್ಧತಿಯನ್ನ ಸರ್ಕಾರ 2024ರ ಮೇ ತಿಂಗಳಲ್ಲಿ ಕೈಬಿಟ್ಟು, 2024-25ರಿಂದ ಸೇರೋರಿಗೆ ಮತ್ತೆ ಮೂರು ವರ್ಷದ ಪದವಿ ಅಂತ ಆದೇಶ ಹೊರಡಿಸಿತು. ಕಾಲೇಜು ಶುರುವಾಗೋ ಮುಂಚೆ ವಿಷಯಕ್ಕೊಂದು ಅಧ್ಯಯನ ಮಂಡಳಿ ಕೂತು ಹೊಸ ಪಠ್ಯಕ್ರಮ ಬರೀಬೇಕಾಯ್ತು. ಒಂದೇ ಕಟ್ಟಡದಲ್ಲಿ ಮೊದಲ ವರ್ಷದವರಿಗೆ ಒಂದು ನೀತಿ, ಮೇಲಿನವರಿಗೆ ಇನ್ನೊಂದು. ಅಲ್ಲಿ ಮೊದಲ ವರ್ಷ ಫೇಲಾಗಿ ಉಳಿದವರನ್ನ ನೆನೆಸಿಕೊಂಡು ನನಗೆ ನಮ್ಮ ಬೋರ್ಡಿನ ಮೇಲಿನ ಲೆಕ್ಕ ಸಣ್ಣದು ಅನ್ನಿಸಿತು.

ಹದಿನೈದು ದಿನ ಬಿಟ್ಟು ಸಹಿಗಾಗಿ ನಡಾವಳಿ ಮೇಲ್‌ಗೆ ಬಂತು. ಮೊದಲು ಕೊನೇ ಪುಟಕ್ಕೆ ಹೋದೆ. ಪ್ಯಾರಾ ಇತ್ತು, ಸಮಾನ ಕೋರ್ಸುಗಳ ಪಟ್ಟಿಯೂ ಇತ್ತು. ಒಂದು ಕಡೆ 2023-24 ಅನ್ನೋ ಜಾಗದಲ್ಲಿ ಕೈತಪ್ಪಿ 2024-25 ಅಂತ ಬಿದ್ದಿತ್ತು. ಫೋನ್ ಮಾಡಿದೆ, ತಿದ್ದಿ ಕಳಿಸಿದರು. ಪ್ರತಿ ಪುಟಕ್ಕೂ ಸಹಿ ಹಾಕಿದೆ.

ಅವತ್ತು ರಾತ್ರಿ ತಮ್ಮನಿಗೆ ಫೋನ್ ಮಾಡಿ ಆ ಪ್ಯಾರಾ ಓದಿ ಹೇಳಿದೆ. ಅವನೀಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಚಿಕ್ಕಪ್ಪ ಕುಂಟಿಕೊಂಡೇ ಬ್ಯಾರನ್ನು ನೋಡ್ಕೋತಾರೆ. ಪೂರ್ತಿ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದ.

'ಚೆನ್ನಾಗದೆ ಕನಣ್ಣ' ಅಂದ. ಆಮೇಲೆ, 'ಮೈಕ್ರೊಕಂಟ್ರೋಲರ್ ಮೊದಲನೇ ಸಲ ನಂಗೆ ಅರವತ್ತೊಂದು ಬಂದಿತ್ತು. ಎರಡನೇ ಸಲ ಎಷ್ಟು ಗೊತ್ತಾ?'

'ಎಷ್ಟೋ?'

'ಐವತ್ತೆಂಟು.'